ಕೊನೆಯ ಹಿಂಡಿಕೆಯ ನಂತರದ ಎರಡು ವಾರ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಿಂದ ಪಶುವೈದ್ಯರಿಗೆ ಬರುವ ಕರೆಗಳಲ್ಲಿ ಒಂದು ಬಗೆಯ ಕರೆ ತಪ್ಪದೆ ಬರುತ್ತದೆ. "ಸಾಹೇಬ್ರ, ಆಕಳ ಈದು ನಾಕ ದಿನಾ ಆತು, ಒಂದ ಮೊಲಿ ಕಲ್ಲಾಗೇತಿ, ಹಾಲಿನಾಗ ಗರಣಿ ಬರಾಕತ್ತಾವು." ಹೋಗಿ ನೋಡಿದರೆ ಕೆಚ್ಚಲು ಬಾವು. ಮನೆಯವರು ನಿನ್ನೆ ಹಾಕಿದ ಮೇವನ್ನು, ಮೊನ್ನೆ ಸುರಿದ ಮಳೆಯನ್ನು, ಕೆಲವರು ನೆರೆಮನೆಯವರ ಕಣ್ಣನ್ನು ಕಾರಣವೆಂದು ಹೇಳುತ್ತಾರೆ. ಆದರೆ ಆ ಬಾವಿನ ಬೀಜ ಬಿದ್ದದ್ದು ಎಷ್ಟೋ ಸಲ ಎರಡು ತಿಂಗಳು ಹಿಂದೆ, ಹಾಲು ಹಿಂಡುವುದನ್ನು ನಿಲ್ಲಿಸಿದ ವಾರದಲ್ಲಿ. ಅದಕ್ಕಾಗಿ ಇವತ್ತಿನ ಮಾತು ಆ ನಿಲ್ಲಿಸುವ ಕ್ರಮದ ಬಗ್ಗೆ. ಗಬ್ಬದ ಆಕಳಿನ ಹಾಲನ್ನು ಯಾವಾಗ ಬತ್ತಿಸಬೇಕು, ಹೇಗೆ ಬತ್ತಿಸಬೇಕು, ಬತ್ತಿಸುವಾಗ ಕೆಚ್ಚಲಿಗೆ ಸೋಂಕು ಹತ್ತದಂತೆ ಏನು ಮಾಡಬೇಕು ಎಂಬುದಷ್ಟೇ.

ಖಿಲಾರಿ ಆಕಳಿಗೆ ಈ ಚಿಂತೆ ಕಡಿಮೆ. ಅದು ಕರುವಿಗಾಗುವಷ್ಟು, ಮೇಲೆ ಸ್ವಲ್ಪ ಮನೆಗಾಗುವಷ್ಟು ಹಾಲು ಕೊಟ್ಟು, ಗಬ್ಬ ಬಲಿಯುತ್ತಿದ್ದಂತೆ ತಾನೇ ಬತ್ತುತ್ತದೆ. ಎಚ್‌ಎಫ್ ಮತ್ತು ಜರ್ಸಿ ಮಿಶ್ರತಳಿಗಳ ಗುಣ ಬೇರೆ. ಏಳು ತಿಂಗಳು ತುಂಬಿದರೂ ದಿನಕ್ಕೆ ಎಂಟು ಹತ್ತು ಲೀಟರು ಕೊಡುತ್ತಲೇ ಇರುತ್ತವೆ. ಹಾಗಾಗಿ ನಿಲ್ಲಿಸುವ ಕೆಲಸ ನಾವೇ ಮಾಡಬೇಕಾಗುತ್ತದೆ.

ಆಕಳು ಗರ್ಭ ಧರಿಸಿದ ಮೇಲೆ ಸುಮಾರು 280 ದಿನಕ್ಕೆ ಕರು ಹಾಕುತ್ತದೆ. ಎಮ್ಮೆ ಸುಮಾರು 310 ದಿನ ತೆಗೆದುಕೊಳ್ಳುತ್ತದೆ. ಕರು ಹಾಕುವ 60 ದಿನ ಮೊದಲು ಹಿಂಡುವುದು ನಿಲ್ಲಬೇಕು. ಅನಿವಾರ್ಯವಾದರೆ 45 ದಿನಕ್ಕೆ ಇಳಿಸಬಹುದು, 40ಕ್ಕಿಂತ ಕೆಳಗೆ ಬೇಡ. ಈ ಅವಧಿಯಲ್ಲಿ ಕೆಚ್ಚಲು ಸುಮ್ಮನೆ ವಿಶ್ರಾಂತಿ ಪಡೆಯುವುದಿಲ್ಲ. ಒಂದು ಸೂಲಿನುದ್ದಕ್ಕೂ ಹಾಲು ತಯಾರಿಸಿ ಸವೆದ ಜೀವಕೋಶಗಳು ಉದುರಿ ಹೊಸವು ಹುಟ್ಟುತ್ತವೆ. ಕೊನೆಯ ಮೂರು ನಾಲ್ಕು ವಾರಗಳಲ್ಲಿ ತಾಯಿಯ ರಕ್ತದಿಂದ ರೋಗನಿರೋಧಕ ವಸ್ತುಗಳು ಇಳಿದು ಗಿಣ್ಣದ ಹಾಲಾಗುತ್ತವೆ. ಹೊಟ್ಟೆಯೊಳಗಿನ ಕರು ತನ್ನ ತೂಕದ ಹೆಚ್ಚಿನ ಪಾಲನ್ನು ಬೆಳೆಸಿಕೊಳ್ಳುವುದೂ ಇದೇ ಹೊತ್ತಿನಲ್ಲಿ.

"ದಿನಾ ಐದ ಲೀಟರ್ ಡೇರಿಗೆ ಹೊಕ್ಕೈತ್ರಿ, ಹೆಂಗ ಬಿಡೂದು?" ಎಂದು ಕೇಳುವ ಅಕ್ಕಂದಿರು ಬಹಳ. ಅವರ ಪ್ರಶ್ನೆ ನ್ಯಾಯವಾದದ್ದು. ಡೇರಿಯ ಬಿಲ್ಲಿನ ಮೇಲೆಯೇ ಕಿರಾಣಿ, ಮಕ್ಕಳ ಫೀ ನಡೆಯುವ ಮನೆಗಳಲ್ಲಿ ಎರಡು ತಿಂಗಳ ಹಾಲು ದೊಡ್ಡ ಮಾತು. ಲೆಕ್ಕ ಹೀಗಿದೆ. ಆ ಎರಡು ತಿಂಗಳು ಹಿಂಡಿದರೂ ಹಾಲು ದಿನದಿನಕ್ಕೆ ಇಳಿಯುತ್ತದೆ. ಸರಾಸರಿ ನಾಲ್ಕು ಲೀಟರ್ ಹಿಡಿದರೂ 240 ಲೀಟರ್ ಆಯಿತು. ಬತ್ತಿಸದೆ ಕರು ಹಾಕುವವರೆಗೂ ಹಿಂಡಿದ ಆಕಳು ಮುಂದಿನ ಸೂಲಿನಲ್ಲಿ ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆ ಕೊಡುತ್ತದೆ. ಸೂಲಿಗೆ 2,500 ಲೀಟರ್ ಕೊಡುವ ಆಕಳಿಗೆ ಅದು 500 ಲೀಟರ್. ಗಿಣ್ಣದ ಹಾಲು ತೆಳುವಾಗಿ ಕರುವಿಗೆ ಬೀಳುವ ಪೆಟ್ಟು ಈ ಲೆಕ್ಕದಲ್ಲಿ ಸೇರಿಲ್ಲ.

ಇನ್ನು ಸೋಂಕಿನ ವಿಷಯಕ್ಕೆ ಬರುತ್ತೇನೆ. ಹಾಲು ಹಿಂಡುತ್ತಿರುವಾಗ ಮೊಲೆತುದಿಯಿಂದ ಒಳಗೆ ಹೊಕ್ಕ ರೋಗಾಣುಗಳಲ್ಲಿ ಎಷ್ಟೋ ಹಾಲಿನ ಜೊತೆಗೇ ದಿನಕ್ಕೆರಡು ಸಲ ಹೊರಗೆ ತೊಳೆದು ಹೋಗುತ್ತವೆ. ಹಿಂಡುವುದು ನಿಂತ ದಿನ ಈ ತೊಳೆತವೂ ನಿಲ್ಲುತ್ತದೆ. ಒಳಗೆ ತುಂಬಿದ ಹಾಲು ರೋಗಾಣುಗಳಿಗೆ ಒಳ್ಳೆಯ ಆಹಾರ. ಕೆಚ್ಚಲು ಬಿಗಿದಾಗ ಮೊಲೆಯ ಕಿರುದಾರಿ ಸ್ವಲ್ಪ ತೆರೆದುಕೊಳ್ಳುತ್ತದೆ, ಹಾಲು ತೊಟ್ಟಿಕ್ಕುತ್ತದೆ. ಇದಕ್ಕೆ ಪ್ರಕೃತಿ ಒಂದು ಕಾವಲು ಇಟ್ಟಿದೆ. ಮೊಲೆತುದಿಯ ಒಳಗೋಡೆಯಿಂದ ಮೇಣದಂಥ ವಸ್ತು ಕೂಡಿಬಂದು, ಸೀಸೆಯ ಬಾಯಿಗೆ ಬಿರಡೆ ಹಾಕಿದಂತೆ ದಾರಿ ಮುಚ್ಚುತ್ತದೆ. ಆದರೆ ಅದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಹಲವು ಮೊಲೆಗಳಲ್ಲಿ ಒಂದು ಎರಡು ವಾರ ಬೇಕು. ಕೆಲವು ಮೊಲೆಗಳು ವಾರಗಟ್ಟಲೆ ತೆರೆದೇ ಇರುತ್ತವೆ, ಅದರಲ್ಲೂ ಹಾಲು ಹೆಚ್ಚಿರುವಾಗಲೇ ನಿಲ್ಲಿಸಿದ ಆಕಳುಗಳಲ್ಲಿ. ಹಾಲು ನಿಂತ ಮೊದಲ ವಾರಗಳಲ್ಲೇ ಹೊಸ ಸೋಂಕು ಹೆಚ್ಚಾಗಿ ಹತ್ತುತ್ತದೆ ಎಂದು ಇಂಗ್ಲೆಂಡಿನಲ್ಲಿ ನೀವ್ ಮತ್ತು ಅವರ ಸಂಗಡಿಗರು 1950ರಲ್ಲೇ ತೋರಿಸಿದ್ದರು. ಕರು ಹಾಕುವ ಹತ್ತು ಹದಿನೈದು ದಿನ ಮೊದಲು, ಕೆಚ್ಚಲು ಮತ್ತೆ ತುಂಬಿ ಆ ಬಿರಡೆ ಸಡಿಲುವಾಗ, ಎರಡನೆಯ ಅಪಾಯದ ಕಾಲ ಬರುತ್ತದೆ. ನಡುವಿನ ದಿನಗಳಲ್ಲಿ ಬತ್ತಿದ ಕೆಚ್ಚಲು ರೋಗಕ್ಕೆ ಚೆನ್ನಾಗಿಯೇ ತಡೆ ಒಡ್ಡುತ್ತದೆ.

ಹೀಗಾಗಿ ನಿಲ್ಲಿಸುವ ದಿನ ಹಾಲು ಎಷ್ಟು ಕಡಿಮೆ ಇರುತ್ತದೋ ಅಷ್ಟು ಒಳ್ಳೆಯದು, ಮೊಲೆತುದಿ ಎಷ್ಟು ಬೇಗ ಮುಚ್ಚುತ್ತದೋ ಅಷ್ಟು ಒಳ್ಳೆಯದು. ಮುಂದೆ ಹೇಳುವ ಕ್ರಮವೆಲ್ಲ ಈ ಎರಡಕ್ಕಾಗಿ.

ಒಂದು ಆಕಳನ್ನು ಹಿಡಿದುಕೊಂಡೇ ನೋಡೋಣ. ಬೈಲಹೊಂಗಲ ಕಡೆಯ ಒಂದು ಎಚ್‌ಎಫ್ ಮಿಶ್ರತಳಿ, ಎರಡನೆಯ ಸೂಲು. ಸಂಕ್ರಾಂತಿಯ ದಿನ, ಜನವರಿ 14ರಂದು ಸೆಮೆನ್ ಹಾಕಿಸಿ ಗಬ್ಬ ನಿಂತಿದೆ ಎಂದಿಟ್ಟುಕೊಳ್ಳಿ. 280 ದಿನ ಕೂಡಿಸಿದರೆ ಅಕ್ಟೋಬರ್ 21, ಅಂದರೆ ಕಿತ್ತೂರು ಉತ್ಸವದ ಆಸುಪಾಸು. ಅದರಿಂದ 60 ದಿನ ಹಿಂದೆ ಬಂದರೆ ಆಗಸ್ಟ್ 22. ಆ ದಿನ ಕೊನೆಯ ಹಿಂಡಿಕೆ. ಸೆಮೆನ್ ಹಾಕಿಸಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡದವರಿಗೆ ಈ ಲೆಕ್ಕ ಸಿಗುವುದಿಲ್ಲ. ಗಬ್ಬ ಪರೀಕ್ಷೆಯ ಹೊತ್ತಿಗೆ ಡಾಕ್ಟರರಿಂದ ಅಂದಾಜು ತಿಂಗಳು ಕೇಳಿ ಬರೆದುಕೊಂಡರೂ ಆದೀತು.

ಆಗಸ್ಟ್ 10ರ ಸುಮಾರಿಗೆ ಮೊದಲ ಕೆಲಸ, ನಾಲ್ಕೂ ಮೊಲೆಗಳ ಹಾಲಿನ ಪರೀಕ್ಷೆ. ಕಣ್ಣಿಗೆ ಹಾಲು ಚೆನ್ನಾಗಿ ಕಂಡರೂ ಒಳಗೆ ಗುಪ್ತ ಕೆಚ್ಚಲು ಬಾವು ಇರಬಹುದು. ಪಶು ಆಸ್ಪತ್ರೆಯಲ್ಲಿ ಸಿಎಮ್‌ಟಿ ಎಂಬ ಪರೀಕ್ಷೆ ಮಾಡುತ್ತಾರೆ. ನಾಲ್ಕು ಗುಂಡಿಗಳಿರುವ ತಟ್ಟೆಯಲ್ಲಿ ಒಂದೊಂದು ಮೊಲೆಯ ಹಾಲು ಬೇರೆಬೇರೆಯಾಗಿ ಹಿಂಡಿ, ಅಷ್ಟೇ ದ್ರಾವಣ ಸೇರಿಸಿ ತಟ್ಟೆಯನ್ನು ತಿರುಗಿಸುತ್ತಾರೆ. ಒಳ್ಳೆಯ ಹಾಲು ನೀರಿನಂತೆ ಹರಿಯುತ್ತದೆ, ಸೋಂಕಿನ ಹಾಲು ಲೋಳೆಯಾಗಿ ಗಟ್ಟಿಯಾಗುತ್ತದೆ. ಆ ದ್ರಾವಣ ಸಿಗದ ಊರಲ್ಲಿ ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ತೊಳೆಯುವ ಪುಡಿ ಕರಗಿಸಿ, ಹಾಲಿಗೆ ಸಮನಾಗಿ ಬೆರೆಸಿ ನೋಡಿದರೂ ಒಂದು ಅಂದಾಜು ಸಿಗುತ್ತದೆ. ಈ ಹಾಲನ್ನು ಚೆಲ್ಲಿಬಿಡಬೇಕು. ನಮ್ಮ ಆಕಳಿನ ಹಿಂದಿನ ಬಲಮೊಲೆಯ ಹಾಲು ಲೋಳೆಯಾಯಿತು ಎನ್ನೋಣ. ಉಳಿದ ಮೂರು ಸರಿ ಇವೆ. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗ ಈ ಆಕಳು ಬೆಳಿಗ್ಗೆ ಐದು, ಸಂಜೆ ನಾಲ್ಕು, ಒಟ್ಟು ಒಂಬತ್ತು ಲೀಟರ್ ಕೊಡುತ್ತಿದೆ. ಆಗಸ್ಟ್ 15ರಿಂದ ಹಿಂಡಿ, ಪಶು ಆಹಾರ ಪೂರ್ತಿ ಬಂದ್. ಹಸಿ ಮೇವೂ ಬೇಡ, ಬರೀ ಜೋಳದ ಕಣಿಕೆ ಹಾಕಿ. ತಿಂಡಿ ತಗ್ಗಿದರೆ ಎರಡು ಮೂರು ದಿನದಲ್ಲಿ ಹಾಲು ಇಳಿಯತೊಡಗುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಾಲು ಬೇಗ ಬತ್ತಲಿ ಎಂದು ನೀರು ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಏಳು ತಿಂಗಳ ಗಬ್ಬದ ಪ್ರಾಣಿಯನ್ನು ನೀರಡಿಕೆಯಿಂದ ನರಳಿಸುವುದು ಕ್ರೂರವೂ ಹೌದು, ಅಪಾಯವೂ ಹೌದು. ಏಪ್ರಿಲ್ ಮೇ ತಿಂಗಳಲ್ಲಿ ಸವದತ್ತಿ, ರಾಮದುರ್ಗದ ಬಿಸಿಲಿಗೆ ಹೀಗೆ ಮಾಡಿದರೆ ಆಕಳು ಕುಸಿದೇ ಬಿಡಬಹುದು. ನೀರು ಯಾವತ್ತೂ ಮುಂದೆ ಇರಲಿ.

ಆಗಸ್ಟ್ 17ರಿಂದ ಸಂಜೆಯ ಹಿಂಡಿಕೆ ಬಿಡಬೇಕು. ದಿನಕ್ಕೆ ಒಂದೇ ಸಲ, ಬೆಳಿಗ್ಗೆ, ಪೂರ್ತಿ ಹಿಂಡಬೇಕು. ಅರ್ಧ ಹಿಂಡಿ ಅರ್ಧ ಬಿಡುವುದು ಬೇಡ. ಇಲ್ಲಿ ಸಣ್ಣ ಮಾತೊಂದು. ಹಿಂಡುವ ಜಾಗ, ಕರು ಕಟ್ಟುವ ಜಾಗ, ಚರಿಗೆಯ ಸದ್ದು ಕೇಳಿಯೇ ಆಕಳು ಸೊರೆ ಬಿಡುತ್ತದೆ. ಸಾಧ್ಯವಿದ್ದರೆ ಈ ವಾರ ಅದನ್ನು ಹಿಂಡುವ ಹೊತ್ತಿನಲ್ಲಿ ಉಳಿದ ಆಕಳುಗಳಿಂದ ದೂರ ಕಟ್ಟಿ. ಐದಾರು ದಿನದಲ್ಲಿ ಹಾಲು ನಾಲ್ಕೈದು ಲೀಟರಿಗೆ ಬಂದಿರುತ್ತದೆ. ಆಗ ನಿಲ್ಲಿಸಿದರೆ ಕೆಚ್ಚಲಿಗೆ ತೀರ ಒತ್ತಡವಾಗುವುದಿಲ್ಲ. ದಿನಕ್ಕೆ ಹದಿನೈದು ಲೀಟರ್ ಕೊಡುವ ಆಕಳಾದರೆ ಈ ಇಳಿಸುವ ಕೆಲಸವನ್ನು ಇನ್ನೂ ಒಂದು ವಾರ ಮೊದಲೇ ಶುರುಮಾಡಬೇಕು. ಎರಡು ಮೂರು ಲೀಟರಿಗೆ ಬಂದ ಆಕಳನ್ನು ಒಂದೇ ದಿನ ನಿಲ್ಲಿಸಿದರೂ ತೊಂದರೆಯಿಲ್ಲ.

ಆಗಸ್ಟ್ 22, ಕೊನೆಯ ಹಿಂಡಿಕೆ. ಹೆಬ್ಬೆರಳು ಮಡಚಿ ಎಳೆಯದೆ, ಮುಷ್ಟಿ ತುಂಬ ಹಿಡಿದು, ಕೊನೆಯ ಹನಿಯವರೆಗೆ ಹಿಂಡಬೇಕು. ಇದಾದ ಮೇಲೆ ಔಷಧದ ಟ್ಯೂಬಿನ ಪ್ರಶ್ನೆ. ಬತ್ತಿಸುವಾಗ ಹಾಕುವ ಟ್ಯೂಬೇ ಬೇರೆ, ಹಾಲು ಹಿಂಡುವ ಆಕಳಿಗೆ ಬಾವು ಬಂದಾಗ ಹಾಕುವ ಟ್ಯೂಬೇ ಬೇರೆ. ಬತ್ತಿಸುವ ಟ್ಯೂಬಿನಲ್ಲಿ ವಾರಗಟ್ಟಲೆ ಕೆಚ್ಚಲಿನಲ್ಲಿ ಉಳಿಯುವ ಜೀವನಿರೋಧಕ ಔಷಧ ಇರುತ್ತದೆ. ಕೆಚ್ಚಲಿನ ಒಳಗೆ ಬಹುಕಾಲ ಅಡಗಿ ಕುಳಿತ ಕೆಲವು ರೋಗಾಣುಗಳನ್ನು ಹಾಲು ಹಿಂಡುವಾಗ ಕೊಟ್ಟ ಔಷಧ ಮುಟ್ಟುವುದಿಲ್ಲ, ಹಿಂಡುವ ಪ್ರತಿ ಹೊತ್ತಿಗೂ ಔಷಧ ಹೊರಗೆ ಹೋಗುತ್ತದೆ. ಬತ್ತಿದ ಕಾಲದಲ್ಲಿ ಅದೇ ಮೊಲೆ ಗುಣವಾಗುವ ಸಾಧ್ಯತೆ ಹೆಚ್ಚು. ನಮ್ಮ ಆಕಳಿನ ಹಿಂದಿನ ಬಲಮೊಲೆಗೆ ಇದು ಬೇಕೇ ಬೇಕು.

ಹಾಗಾದರೆ ಉಳಿದ ಮೂರಕ್ಕೆ? ಎಲ್ಲ ಆಕಳಿನ ನಾಲ್ಕೂ ಮೊಲೆಗೆ ಕಣ್ಣುಮುಚ್ಚಿ ಔಷಧ ಹಾಕುವ ರೂಢಿ ಬಹಳ ದೇಶಗಳಲ್ಲಿ ಇತ್ತು. ಅತಿಯಾದ ಬಳಕೆಯಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ ಎಂಬ ಕಾರಣಕ್ಕೆ ಯುರೋಪಿನ ಒಕ್ಕೂಟದ ದೇಶಗಳು 2022ರಿಂದ ಆ ರೂಢಿಗೆ ಕಡಿವಾಣ ಹಾಕಿವೆ. ನಮ್ಮ ಕೊಟ್ಟಿಗೆಗಳಲ್ಲಿ ಆಕಳಿಗೆ ಮೊದಲು ಬಾವು ಬಂದಿತ್ತೇ, ಪರೀಕ್ಷೆಯಲ್ಲಿ ಎಷ್ಟು ಮೊಲೆ ಲೋಳೆ ತೋರಿಸಿದವು, ಕೊಟ್ಟಿಗೆ ಎಷ್ಟು ಒಣಗಿರುತ್ತದೆ ಎಂಬುದನ್ನು ನೋಡಿ ಡಾಕ್ಟರರೇ ತೀರ್ಮಾನಿಸಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಪರೀಕ್ಷೆ ಮಾಡಿಸಿ ಶುದ್ಧವೆಂದು ಕಂಡ ಆಕಳಿಗೆ ಔಷಧಕ್ಕಿಂತ ಒಣ ಹಾಸಿಗೆಯೇ ಮೇಲು. ಮೆಡಿಕಲ್ ಅಂಗಡಿಗೆ ಹೋಗಿ ಕೈಗೆ ಸಿಕ್ಕ ಟ್ಯೂಬ್ ತರುವುದು ಮಾತ್ರ ಬೇಡವೇ ಬೇಡ.

ಟ್ಯೂಬ್ ಹಾಕುವ ಕೈಯೇ ರೋಗ ಹಾಕುವ ಕೈಯೂ ಆಗಬಹುದು. ಇದು ನಿಧಾನವಾಗಿ ಮಾಡಬೇಕಾದ ಕೆಲಸ. ಕೈಯನ್ನು ಸೋಪಿನಿಂದ ತೊಳೆದುಕೊಳ್ಳಬೇಕು. ಮೊಲೆಗಳು ಒಣಗಿ ಸ್ವಚ್ಛವಾಗಿರಬೇಕು. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಮೊಲೆತುದಿಯನ್ನು ಚೆನ್ನಾಗಿ ಒರೆಸಬೇಕು, ಒಂದು ಮೊಲೆಗೆ ಒಂದು ಹತ್ತಿ, ಹತ್ತಿಗೆ ಕೊಳೆ ಹತ್ತುವುದು ನಿಲ್ಲುವವರೆಗೆ. ಒರೆಸುವಾಗ ಮೊದಲು ನಮಗೆ ದೂರದ ಮೊಲೆಗಳು, ಆಮೇಲೆ ಹತ್ತಿರದವು. ಟ್ಯೂಬ್ ಹಾಕುವಾಗ ಇದಕ್ಕೆ ತಿರುಗುಮುರುಗು, ಮೊದಲು ಹತ್ತಿರದವು. ಇಲ್ಲದಿದ್ದರೆ ಒರೆಸಿದ ಮೊಲೆಗೆ ನಮ್ಮ ತೋಳು ತಾಗುತ್ತದೆ. ಟ್ಯೂಬಿನ ತುದಿಯನ್ನು ಪೂರ್ತಿ ಒಳಗೆ ತುರುಕಬಾರದು, ಮೂರು ಮಿಲಿಮೀಟರಿನಷ್ಟು ಒಳಗೆ ಹೋದರೆ ಸಾಕು. ಪೂರ್ತಿ ತೂರಿಸಿದರೆ ಒಳಗೋಡೆ ಸವೆದು, ಆ ಮೇಣದ ಬಿರಡೆ ಕಟ್ಟುವ ಜಾಗವೇ ಹಾಳಾಗುತ್ತದೆ. ಔಷಧ ಬಿಟ್ಟ ಮೇಲೆ ಮೊಲೆಯನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ನೀವಿ, ಕೊನೆಗೆ ನಾಲ್ಕೂ ಮೊಲೆಗಳನ್ನು ಮೊಲೆ ಅದ್ದುವ ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಬೇವಿನ ಕಡ್ಡಿ, ಗರಿಯ ತುದಿ, ಕೊಬ್ಬರಿ ಎಣ್ಣೆ ಇವನ್ನು ಮೊಲೆಯೊಳಗೆ ಹಾಕುವವರನ್ನು ನೋಡಿದ್ದೇನೆ. ದಯಮಾಡಿ ಬೇಡ. ಮೊಲೆಯೊಳಗೆ ಹೋಗಬೇಕಾದ್ದು ಮೊಹರು ಒಡೆಯದ ಟ್ಯೂಬಿನ ಔಷಧ ಮಾತ್ರ.

ಅಯೋಡಿನ್ ಹಚ್ಚಿದ ಮೇಲೆ ಅರ್ಧ ತಾಸಾದರೂ ಆಕಳು ಮಲಗದಂತೆ ನೋಡಿಕೊಳ್ಳಿ. ಮುಂದೆ ಒಂದಿಷ್ಟು ಕಣಿಕೆ ಹಾಕಿದರೆ ತಾನೇ ನಿಂತು ಮೇಯುತ್ತದೆ.

ಈಗ ಬರುವ ಎರಡು ಮೂರು ದಿನಗಳು ಮನೆಯವರಿಗೆ ಕಷ್ಟದ ದಿನಗಳು. ಕೆಚ್ಚಲು ತುಂಬಿ ಬಿಗಿಯುತ್ತದೆ. ಆಕಳು ಕೂಗುತ್ತದೆ. "ಪಾಪ, ಬಿರದೈತಿ, ಒಂದೀಟು ಹಿಂಡಿ ಬಿಡೋಣು" ಎಂದು ಅಜ್ಜಿಗೆ ಅನ್ನಿಸುತ್ತದೆ. ಆ ಕರುಣೆ ಅರ್ಥವಾಗುತ್ತದೆ, ಆದರೆ ಹಿಂಡಬಾರದು. ಆ ಬಿಗಿತವೇ ಹಾಲು ತಯಾರಿಕೆ ನಿಲ್ಲಿಸಲು ಕೆಚ್ಚಲಿಗೆ ಸಿಗುವ ಸೂಚನೆ. ಒಂದು ಸಲ ಹಿಂಡಿದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ, ಕಟ್ಟುತ್ತಿದ್ದ ಬಿರಡೆ ಕಿತ್ತು ಬರುತ್ತದೆ, ಹಾಕಿದ ಔಷಧವೂ ಹೊರಗೆ ಬರುತ್ತದೆ. ಮೂರು ನಾಲ್ಕು ದಿನಕ್ಕೆ ಬಿಗಿತ ಇಳಿಯತೊಡಗಿ, ಎರಡು ವಾರದಲ್ಲಿ ಕೆಚ್ಚಲು ಸುಕ್ಕುಗಟ್ಟಿ ಜೋತು ಬೀಳುತ್ತದೆ. ಒಳಗಿನ ಹಾಲನ್ನು ದೇಹವೇ ಹೀರಿಕೊಳ್ಳುತ್ತದೆ.

ಹಾಗಿದ್ದರೆ ಸಹಜ ಬಿಗಿತ ಯಾವುದು, ರೋಗ ಯಾವುದು ಎಂದು ತಿಳಿಯುವುದು ಹೇಗೆ? ನಾಲ್ಕೂ ಮೊಲೆಗಳ ಭಾಗ ಸಮನಾಗಿ ಬಿಗಿದು, ಆಕಳು ಮೇವು ತಿಂದು ಮೆಲುಕು ಹಾಕುತ್ತಿದ್ದರೆ ಅದು ಸಹಜ. ಒಂದೇ ಭಾಗ ಉಳಿದವಕ್ಕಿಂತ ದಪ್ಪಾಗಿ, ಮುಟ್ಟಿದರೆ ಬಿಸಿಯಾಗಿ, ಕೆಂಪಾಗಿ, ಒತ್ತಿದರೆ ಆಕಳು ಕಾಲು ಎತ್ತಿದರೆ ಅದು ಬಾವು. ಜೊತೆಗೆ ಜ್ವರ ಬಂದು ಮೇವು ಬಿಟ್ಟರೆ ತಡಮಾಡಬಾರದು. ಆಗ ಮಾತ್ರ ಆ ಭಾಗವನ್ನು ಹಿಂಡಿ ತೆಗೆದು ಚಿಕಿತ್ಸೆ ಮಾಡಬೇಕಾಗುತ್ತದೆ. ನಿಮ್ಮ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಹಾಗಾಗಿ ಮೊದಲ ಎರಡು ವಾರ ದಿನಕ್ಕೊಮ್ಮೆ ಹಿಂದೆ ನಿಂತು ನೋಡಿ, ಅಂಗೈಯಿಂದ ಮುಟ್ಟಿ ನೋಡಿ. ಹಾಲು ಇದೆಯೋ ಇಲ್ಲವೋ ಎಂದು ಮೊಲೆ ಜಗ್ಗಿ ಹನಿ ತೆಗೆದು ನೋಡುವ ಚಟ ಮಾತ್ರ ಬಿಡಿ.

ಇನ್ನು ಮಲಗುವ ಜಾಗ. ನಮ್ಮ ಆಕಳು ಆಗಸ್ಟಿನಲ್ಲಿ ಬತ್ತುತ್ತಿದೆ. ಕಿತ್ತೂರು ಕಡೆ ಮಳೆ ಜೋರಾಗಿರುತ್ತದೆ, ಬೈಲಹೊಂಗಲದ ಎರೆಮಣ್ಣು ಕಾಲಿಗೆ ಅಂಟಿ ಕೊಟ್ಟಿಗೆಯೊಳಕ್ಕೆ ಬರುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ನೀವು ಕಂಡವರೇ. ಸಗಣಿ, ಉಚ್ಚೆ, ಕೆಸರು ಕಲೆತ ಹಸಿ ನೆಲದಲ್ಲಿ ಆಕಳು ಮಲಗಿದಾಗ ತೆರೆದ ಮೊಲೆತುದಿ ನೇರ ಅದರ ಮೇಲೆ ಕೂಡುತ್ತದೆ. ಟ್ಯೂಬು ಎಂಥದ್ದೇ ಇರಲಿ, ಇದನ್ನು ತಡೆಯದು. ಬತ್ತುವ ಆಕಳಿಗೆ ಕೊಟ್ಟಿಗೆಯಲ್ಲೇ ಎತ್ತರವಾದ, ನೀರು ನಿಲ್ಲದ ಮೂಲೆ ಕೊಡಿ. ದಿನಕ್ಕೆರಡು ಸಲ ಸಗಣಿ ತೆಗೆದು, ಸುಣ್ಣದ ಪುಡಿ ತೆಳುವಾಗಿ ಉದುರಿಸಿ, ಮೇಲೆ ಒಣ ಹೊಟ್ಟು ಅಥವಾ ಒಣ ರವದಿ ಹಾಸಿ, ಒದ್ದೆಯಾದ ಕೂಡಲೇ ಬದಲಿಸಿ. ಮೊದಲ ವಾರ ದಿನಕ್ಕೊಮ್ಮೆ ಮೊಲೆತುದಿಗೆ ಅಯೋಡಿನ್ ಅದ್ದುವುದನ್ನು ಮುಂದುವರಿಸಿ.

ಕೆಚ್ಚಲು ಬತ್ತಿದ ಮೇಲೆ ತಿಂಡಿಗೆ ಮತ್ತೆ ದಾರಿ ಮಾಡಿಕೊಡಬೇಕು. ಹಸಿ ಮೇವು, ಕಣಿಕೆ ಜೊತೆಗೆ ಆಕಳಿನ ಮೈ ನೋಡಿಕೊಂಡು ಸ್ವಲ್ಪ ಪಶು ಆಹಾರ. ಕರು ಹಾಕುವ ಎರಡು ಮೂರು ವಾರ ಮೊದಲಿನಿಂದ ಅದನ್ನು ನಿಧಾನವಾಗಿ ಏರಿಸಬೇಕು. ಕಬ್ಬಿನ ಹಂಗಾಮಿನಲ್ಲಿ ಸೋಗೆಯನ್ನೇ ಹೊಟ್ಟೆ ತುಂಬ ಹಾಕುವ ಮನೆಗಳು ಎಚ್ಚರವಾಗಿರಬೇಕು, ಸೋಗೆಯಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಕರು ಹಾಕಿದ ಕೂಡಲೇ ಸುಣ್ಣದಂಶ ಇಳಿದು ಆಕಳು ಏಳಲಾರದೆ ಬಿದ್ದರೆ, ಬಿದ್ದಲ್ಲೇ ಕೆಚ್ಚಲು ಕೊಳೆಗೆ ಒತ್ತಿಕೊಂಡಿರುತ್ತದೆ.

ಅಕ್ಟೋಬರ್ ಮೊದಲ ವಾರ ದಾಟಿದ ಮೇಲೆ ಎರಡನೆಯ ಅಪಾಯದ ಕಾಲ. ಹಾಸಿಗೆ ಮತ್ತೆ ಬದಲಿಸುವುದು, ಮೊಲೆತುದಿಗೆ ಮತ್ತೆ ಅಯೋಡಿನ್. ಕೆಚ್ಚಲು ಬಿರಿಯುವಂತೆ ತುಂಬಿದೆ ಎಂದು ಕರು ಹಾಕುವ ಮೊದಲೇ ಹಿಂಡಬೇಡಿ. ಗಿಣ್ಣದ ಹಾಲು ಕರುವಿನ ಪಾಲು.

ಟ್ಯೂಬ್ ಹಾಕಿದ ಆಕಳು ಎಣಿಸಿದ ದಿನಕ್ಕಿಂತ ಬಹಳ ಮೊದಲೇ ಕರು ಹಾಕಿತೆಂದರೆ ಔಷಧದ ಅಂಶ ಹಾಲಿನಲ್ಲಿ ಉಳಿದಿರುತ್ತದೆ. ಟ್ಯೂಬಿನ ಡಬ್ಬಿಯ ಮೇಲೆ ಬರೆದಷ್ಟು ದಿನ ತುಂಬುವವರೆಗೆ ಆ ಹಾಲನ್ನು ಡೇರಿಗೆ ಹಾಕಬಾರದು, ಮನೆಯಲ್ಲೂ ಬಳಸಬಾರದು. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೇ ಸರಿಯಾಗಿ ಕಟ್ಟುವುದಿಲ್ಲ. ಊರಿನ ಕ್ಯಾನಿಗೆ ಸೇರಿದರೆ ಎಲ್ಲರ ಹಾಲಿಗೂ ತೊಂದರೆ. ಡಬ್ಬಿಯನ್ನು ಎಸೆಯದೆ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಇಟ್ಟುಕೊಳ್ಳಿ.

ಎಮ್ಮೆ ಸಾಕಿದವರಿಗೆ ಒಂದು ಮಾತು. ಎಮ್ಮೆಯ ಮೊಲೆತುದಿಯ ಸ್ನಾಯು ಬಿಗಿಯಾಗಿರುವುದರಿಂದ ಅದಕ್ಕೆ ಸೋಂಕು ಆಕಳಿಗಿಂತ ಕಡಿಮೆ, ಹಲವು ಎಮ್ಮೆಗಳು ತಾವೇ ಬತ್ತುತ್ತವೆ. ಬತ್ತದೆ ಕೊಡುತ್ತಲೇ ಇರುವ ಎಮ್ಮೆಗೆ ಇದೇ ಕ್ರಮ, ದಿನದ ಲೆಕ್ಕ ಮಾತ್ರ ಗರ್ಭ ನಿಂತ 250ನೆಯ ದಿನಕ್ಕೆ.

ಕರು ಹಾಕಿದ ಮೇಲೆ ಒಂದು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಅದಕ್ಕಿಂತ ಮೊದಲು ಮಾಡಿದರೆ ಗಿಣ್ಣದ ಹಾಲೇ ಲೋಳೆಯಾಗಿ ದಾರಿ ತಪ್ಪಿಸುತ್ತದೆ. ಆಗಸ್ಟ್ 10ರಂದು ಬರೆದಿಟ್ಟ ಚೀಟಿ ಈಗ ತೆಗೆಯಿರಿ. ಹಿಂದಿನ ಬಲಮೊಲೆಯ ಹಾಲು ನೀರಿನಂತೆ ಹರಿದರೆ ಔಷಧ ಕೆಲಸ ಮಾಡಿತು. ಅದೇ ಮೊಲೆ ಮತ್ತೆ ಲೋಳೆಯಾದರೆ ಹಳೆಯ ರೋಗಾಣು ಉಳಿದಿದೆ, ಡಾಕ್ಟರರು ಹಾಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಯಾವ ಔಷಧ ತಾಗುತ್ತದೆಂದು ನೋಡುತ್ತಾರೆ. ಮೊದಲು ಸರಿ ಇದ್ದ ಬೇರೆ ಮೊಲೆ ಈಗ ಲೋಳೆಯಾದರೆ ಸೋಂಕು ಬತ್ತಿದ ಕಾಲದಲ್ಲಿ ಹೊಸದಾಗಿ ಹತ್ತಿದೆ, ಹಾಸಿಗೆಯನ್ನೂ ಟ್ಯೂಬ್ ಹಾಕಿದ ಕೈಯನ್ನೂ ಪರಿಶೀಲಿಸಬೇಕು. ಸೂಲು ಸೂಲಿಗೂ ಒಂದೇ ಮೊಲೆ ಕಾಡುತ್ತಿದ್ದರೆ ಆ ಒಂದನ್ನು ಡಾಕ್ಟರರ ಸಲಹೆಯಂತೆ ಶಾಶ್ವತವಾಗಿ ಬತ್ತಿಸಿಬಿಡುವುದು ಮೇಲು. ಉಳಿದ ಮೂರರಿಂದ ಆಕಳು ಚೆನ್ನಾಗಿಯೇ ಹಾಲು ಕೊಡುತ್ತದೆ. ಅಲ್ಲಿಯವರೆಗೆ ಆ ಮೊಲೆಯನ್ನು ಕೊನೆಯಲ್ಲಿ, ಬೇರೆ ಪಾತ್ರೆಗೆ ಹಿಂಡಿ, ಕೈ ತೊಳೆದುಕೊಂಡೇ ಮುಂದಿನ ಆಕಳಿಗೆ ಹೋಗಿ.